4ಕೆ ಟಿವಿಯಲ್ಲಿ ಯೂಟ್ಯೂಬ್ 1080ಕ್ಕೇ ನಿಂತರೆ: ಹಳೆ ಡಿಕೋಡರ್ ದೋಷ ಪತ್ತೆ ಮಾಡುವುದು ಹೇಗೆ

ನಮ್ಮ ಚಿಕ್ಕಪ್ಪನ ಮನೆಯಲ್ಲಿ 2014ರಲ್ಲಿ ಕೊಂಡ 55 ಇಂಚಿನ 4ಕೆ ಟಿವಿ ಇದೆ. ಪರದೆ ಈಗಲೂ ಹೊಸದರಂತಿದೆ. ಒಂದು ದಿನ ಫೋನ್ ಮಾಡಿ, "ಏನಪ್ಪಾ, ಈ ಟಿವಿ 4ಕೆ ಅಂತ ತಗೊಂಡಿದ್ದು. ಯೂಟ್ಯೂಬಲ್ಲಿ 1080ಕ್ಕಿಂತ ಮೇಲೆ ಹೋಗೋದೇ ಇಲ್ವಲ್ಲ, ಮೋಸ ಹೋದ್ನಾ?" ಎಂದರು. ಅಷ್ಟರಲ್ಲಿ ಅವರು ರೂಟರ್ ಬದಲಿಸಿದ್ದರು, ನೆಟ್ ಪ್ಲಾನ್ 100 ಎಂಬಿಪಿಎಸ್‌ಗೆ ಏರಿಸಿದ್ದರು, ಟಿವಿಯನ್ನು ಫ್ಯಾಕ್ಟರಿ ರೀಸೆಟ್ ಕೂಡ ಮಾಡಿದ್ದರು. ಯಾವುದೂ ಕೆಲಸಕ್ಕೆ ಬಂದಿರಲಿಲ್ಲ. ತಮಾಷೆ ಎಂದರೆ ಅದೇ ಟಿವಿಯಲ್ಲಿ, ಅದೇ ವೈಫೈನಲ್ಲಿ, ದುಡ್ಡು ಕೊಟ್ಟು ನೋಡುವ ಇನ್ನೊಂದು ಆ್ಯಪ್ 4ಕೆ ಚಿತ್ರವನ್ನು ಚೆನ್ನಾಗಿಯೇ ತೋರಿಸುತ್ತಿತ್ತು.

ಒಂದು ಆ್ಯಪ್‌ನಲ್ಲಿ 4ಕೆ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ಹಳೆಯ 4ಕೆ ಟಿವಿಗಳಲ್ಲಿ ಈ ಜೋಡಿ ಲಕ್ಷಣ ಕಂಡರೆ ನಾನು ಮೊದಲು ಅನುಮಾನಿಸುವುದು ಡಿಕೋಡರನ್ನು, ಅಂದರೆ ಬಂದ ವಿಡಿಯೊವನ್ನು ಬಿಡಿಸಿ ಚಿತ್ರ ಮಾಡುವ ಭಾಗವನ್ನು. ಅದನ್ನು ಖಚಿತ ಮಾಡಿಕೊಳ್ಳುವ ದಾರಿ ಇಲ್ಲಿದೆ.

ಮೊದಲು ನೋಡಬೇಕಾದದ್ದು: ಸೂರೋ, ಜಾರೋ?

ವಿಡಿಯೊ ಓಡುತ್ತಿರುವಾಗ ಗೇರ್ ಗುರುತು ಒತ್ತಿ ಕ್ವಾಲಿಟಿ ಪಟ್ಟಿ ತೆರೆಯಿರಿ. ಆ ಪಟ್ಟಿಯಲ್ಲಿ 2160, ಅಂದರೆ 4ಕೆ, ಇದೆಯೇ ಇಲ್ಲವೇ ಅನ್ನುವುದೇ ಮೊದಲ ಪ್ರಶ್ನೆ.

ಪಟ್ಟಿಯಲ್ಲಿ 2160 ಇದ್ದು, ಆರಿಸಿದಾಗ ಚಕ್ರ ತಿರುಗುತ್ತಾ ನಿಂತರೆ, ಇಲ್ಲವೇ ತಾನೇ 1080ಕ್ಕೋ 720ಕ್ಕೋ ಇಳಿದರೆ, ಅದು ಜಾರುವ ಸಮಸ್ಯೆ. ಕಾರಣ ಹೆಚ್ಚಾಗಿ ನೆಟ್. ಯೂಟ್ಯೂಬ್ ತನ್ನ 4ಕೆ ವಿಡಿಯೊಗೆ 20 ಎಂಬಿಪಿಎಸ್ ಬೇಕು ಎನ್ನುತ್ತದೆ. ಟಿವಿಯ ಹಳೆ ವೈಫೈ ಚಿಪ್‌ಗೆ ಅಷ್ಟು ಎಳೆಯಲು ಆಗದಿರಬಹುದು. ರೂಟರ್ ಪಕ್ಕದಲ್ಲೇ ಕೂತ ಫೋನಿನಲ್ಲಿ 100 ಬಂದರೆ ಟಿವಿಗೂ 100 ಬರುತ್ತದೆ ಎಂದು ಅರ್ಥವಲ್ಲ.

ಪಟ್ಟಿ 1080ಕ್ಕೇ ಮುಗಿದಿದ್ದರೆ ಕಥೆಯೇ ಬೇರೆ. ಅದು ತಲೆ ಮೇಲಿನ ಸೂರು, ಅದರಾಚೆ ಏರಲು ಆಗದು. ನೆಟ್ ನಿಧಾನ ಇದ್ದರೂ ಪಟ್ಟಿಯಿಂದ 2160 ಮಾಯವಾಗುವುದಿಲ್ಲ. ಆ ಸಾಲೇ ಇಲ್ಲ ಎಂದರೆ, ಈ ಟಿವಿ ಅದನ್ನು ಓದಲಾರದು ಎಂದು ಆ್ಯಪ್ ಮೊದಲೇ ತೀರ್ಮಾನಿಸಿಬಿಟ್ಟಿದೆ. ಚಿಕ್ಕಪ್ಪ ಈ ಒಂದು ಪಟ್ಟಿ ನೋಡಿದ್ದರೆ ರೂಟರಿನ ದುಡ್ಡು ಉಳಿಯುತ್ತಿತ್ತು.

ಇಲ್ಲೊಂದು ಚಿಕ್ಕ ಎಚ್ಚರಿಕೆ. ಪರೀಕ್ಷೆಗೆ ಆರಿಸಿದ ವಿಡಿಯೊ ನಿಜಕ್ಕೂ 4ಕೆ ಆಗಿರಬೇಕು. ಶೀರ್ಷಿಕೆಯಲ್ಲಿ "4K" ಎಂದು ಬರೆದ ಮಾತ್ರಕ್ಕೆ ನಂಬಬೇಡಿ. ಈಗಷ್ಟೇ ಹಾಕಿದ ವಿಡಿಯೊ ಕೂಡ ಬೇಡ. ಅಪ್‌ಲೋಡ್ ಆದ ತಕ್ಷಣ ಕಡಿಮೆ ಗುಣಮಟ್ಟದ ಪ್ರತಿಗಳು ಮೊದಲು ಸಿದ್ಧವಾಗುತ್ತವೆ, 4ಕೆ ಪ್ರತಿ ಆಮೇಲೆ ಬರುತ್ತದೆ. ಕೆಲವು ತಿಂಗಳು ಹಳೆಯದಾದ ವಿಡಿಯೊ ಆರಿಸಿ, ಕಂಪ್ಯೂಟರಿನ ಕ್ರೋಮ್ ಬ್ರೌಸರ್‌ನಲ್ಲಿ ಅದಕ್ಕೆ 2160 ಇದೆ ಎಂದು ನೋಡಿಕೊಂಡೇ ಟಿವಿಗೆ ಹೋಗಿ.

ಒಳಗೆ ನಡೆಯುವುದೇನು?

ವಿಡಿಯೊ ಇದ್ದ ಹಾಗೇ ನೆಟ್‌ನಲ್ಲಿ ಬರುವುದಿಲ್ಲ. ಅದನ್ನು ಹಿಂಡಿ, ಚಿಕ್ಕದು ಮಾಡಿ ಕಳಿಸುತ್ತಾರೆ. ಹಿಂಡುವ ಪದ್ಧತಿಗೆ ಕೋಡೆಕ್ ಎನ್ನುತ್ತಾರೆ. ಹಿಂಡಿದ್ದನ್ನು ಮತ್ತೆ ಬಿಡಿಸಿ ಚಿತ್ರ ಮಾಡುವ ಭಾಗವೇ ಡಿಕೋಡರ್. ಟಿವಿಯಲ್ಲಿ ಇದು ಮುಖ್ಯ ಚಿಪ್‌ನೊಳಗೆ ಸರ್ಕ್ಯೂಟ್ ರೂಪದಲ್ಲಿ ಕೆತ್ತಿರುವ ಒಂದು ಭಾಗ. ಯಾವ ಕೋಡೆಕ್‌ಗೆಂದು ಕೆತ್ತಿದ್ದಾರೋ ಅದನ್ನು ಮಾತ್ರ ಬಿಡಿಸುತ್ತದೆ.

ನಮಗೆ ಇಲ್ಲಿ ಬೇಕಾದ ಹೆಸರುಗಳು ನಾಲ್ಕೇ. ಎಚ್.264 ಬಂದದ್ದು 2003ರಲ್ಲಿ. ಅದನ್ನು ಓದದ ಸ್ಮಾರ್ಟ್ ಟಿವಿ ಇಲ್ಲವೆಂದೇ ಹೇಳಬಹುದು. ಎಚ್‌ಇವಿಸಿ ಮತ್ತು ವಿಪಿ9 ಎರಡೂ 2013ರವು. ಮೊದಲನೆಯದಕ್ಕೆ ಪೇಟೆಂಟ್ ಶುಲ್ಕ ಇದೆ. ಎರಡನೆಯದನ್ನು ಗೂಗಲ್ ಮಾಡಿ ಶುಲ್ಕವಿಲ್ಲದೆ ಬಿಟ್ಟಿತು. ಎವಿ1 ಬಂದದ್ದು 2018ರಲ್ಲಿ.

ಈಗ ಗಂಟು ಎಲ್ಲಿದೆ ನೋಡಿ. ಯೂಟ್ಯೂಬ್ ಎಚ್.264 ಪ್ರತಿಗಳನ್ನು ಕೊಡುವುದು 1080ರವರೆಗೆ ಮಾತ್ರ. 1440 ಮತ್ತು 2160 ಬೇಕಾದರೆ ವಿಪಿ9 ಅಥವಾ ಎವಿ1 ಓದಲು ಬರಬೇಕು. ಎಚ್‌ಇವಿಸಿ ಬಂದರೂ ಅಲ್ಲಿ ಉಪಯೋಗವಿಲ್ಲ. ನೆಟ್‌ಫ್ಲಿಕ್ಸ್ ದಾರಿ ಬೇರೆ. ಅದು 2014ರಲ್ಲಿ 4ಕೆ ಶುರು ಮಾಡಿದಾಗ ನೆಚ್ಚಿಕೊಂಡದ್ದು ಎಚ್‌ಇವಿಸಿಯನ್ನು. 2021ರಿಂದ ಕೆಲವು ಟಿವಿಗಳಿಗೆ ಎವಿ1 ಕೂಡ ಕಳಿಸುತ್ತಿದೆ.

ಟಿವಿ ಚಿಪ್‌ನ ವಿನ್ಯಾಸ, ಟಿವಿ ಅಂಗಡಿಗೆ ಬರುವ ಎಷ್ಟೋ ಮೊದಲೇ ಮುಗಿದಿರುತ್ತದೆ. 2014ರ ಎಷ್ಟೋ 4ಕೆ ಟಿವಿಗಳಲ್ಲಿ ಎಚ್‌ಇವಿಸಿ ಸೇರಿತು, ವಿಪಿ9 ಸೇರಲಿಲ್ಲ. ಪರದೆಯಲ್ಲಿ 83 ಲಕ್ಷ ಪಿಕ್ಸೆಲ್ ಇದೆ, ಆದರೆ ಯೂಟ್ಯೂಬ್‌ನಿಂದ ಆ 83 ಲಕ್ಷ ತುಂಬುವಷ್ಟು ಚಿತ್ರ ಬಿಡಿಸುವ ಸರ್ಕ್ಯೂಟ್ ಇಲ್ಲ. ಚಿಕ್ಕಪ್ಪನಿಗೆ ನಾನು ಹೇಳಿದ್ದು ಇಷ್ಟೇ: ಟಿವಿಗೆ ಕಣ್ಣು ಚೆನ್ನಾಗಿದೆ, ಆದರೆ ಆ ಲಿಪಿ ಓದಲು ಕಲಿಸಿಲ್ಲ.

ಇದು ಹಳೆ ಟಿವಿಗಳಿಗೆ ಮಾತ್ರ ಬಂದ ಕಷ್ಟವೂ ಅಲ್ಲ. 2017ರಲ್ಲಿ ಬಂದ ಆ್ಯಪಲ್ ಟಿವಿ 4ಕೆ ಪೆಟ್ಟಿಗೆಯಲ್ಲೂ ಇದೇ ಕಥೆ ಇತ್ತು. ನೆಟ್‌ಫ್ಲಿಕ್ಸ್ 4ಕೆ ಬರುತ್ತಿತ್ತು, ಯೂಟ್ಯೂಬ್ 1080ಕ್ಕೆ ನಿಲ್ಲುತ್ತಿತ್ತು. 2020ರ ಟಿವಿಓಎಸ್ 14 ಬರುವವರೆಗೆ ಅದು ಹಾಗೇ ಇತ್ತು.

ಆ್ಯಪ್ ತೆರೆದ ಕೂಡಲೇ ಅದು ಟಿವಿಯನ್ನು ಕೇಳುತ್ತದೆ: ನಿನಗೆ ಯಾವ ಕೋಡೆಕ್ ಬರುತ್ತದೆ, ಎಷ್ಟು ದೊಡ್ಡ ಚಿತ್ರ, ಸೆಕೆಂಡಿಗೆ ಎಷ್ಟು ಫ್ರೇಮ್? ಬ್ರೌಸರ್ ಆಧಾರದ ಆ್ಯಪ್‌ಗಳಲ್ಲಿ ಆ ಪ್ರಶ್ನೆ ಹೆಚ್ಚುಕಮ್ಮಿ ಹೀಗಿರುತ್ತದೆ:

```
MediaSource.isTypeSupported('video/webm; codecs="vp9"')
```

ಉತ್ತರ `false` ಎಂದು ಬಂದರೆ ವಿಪಿ9 ಪ್ರತಿಗಳೆಲ್ಲ ಪಟ್ಟಿಯಿಂದ ಹೊರಗೆ. ಉಳಿಯುವುದು ಎಚ್.264, ಅಂದರೆ 1080. ದೋಷದ ಸಂದೇಶ ಬರುವುದಿಲ್ಲ, ಕೆಂಪು ಗುರುತು ಬರುವುದಿಲ್ಲ. ಅದಕ್ಕೇ ಜನ ಇದನ್ನು ನೆಟ್ ಸಮಸ್ಯೆ ಎಂದುಕೊಂಡು ವರ್ಷಗಟ್ಟಲೆ ಬೈಯುತ್ತಿರುತ್ತಾರೆ.

ಪರದೆಯ ಮೇಲಿನ ಸಾಕ್ಷಿ

ಊಹೆ ಸಾಕು, ಈಗ ಓದೋಣ. ಯೂಟ್ಯೂಬ್ ಆ್ಯಪ್‌ನಲ್ಲಿ ವಿಡಿಯೊ ಓಡಿಸಿ, ಗೇರ್ ಗುರುತಿನೊಳಗೆ `Stats for nerds` ಆನ್ ಮಾಡಿ. ಮೂಲೆಯಲ್ಲಿ ಚಿಕ್ಕ ಅಕ್ಷರಗಳ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಎರಡೇ ಸಾಲು ಮುಖ್ಯ: `Current / Optimal Res` ಮತ್ತು `Codecs`.

ಚಿಕ್ಕಪ್ಪನ ಟಿವಿಯಲ್ಲಿ ಕಂಡದ್ದು ಇದು:

```
Current / Optimal Res   1920x1080@30 / 1920x1080@30
Codecs                  avc1.640028 (137) / mp4a.40.2 (140)
```

`avc1` ಎಂದರೆ ಎಚ್.264. ಆವರಣದೊಳಗಿನ 137 ಎಂಬುದು ಯೂಟ್ಯೂಬ್ ತನ್ನ ಎಚ್.264, 1080 ಪ್ರತಿಗೆ ಕೊಟ್ಟಿರುವ ಸಂಖ್ಯೆ. ಅದೇ ವಿಡಿಯೊವನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದು, ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಅದೇ ಪೆಟ್ಟಿಗೆ ತೆಗೆದೆ. ಅಲ್ಲಿ 3840x2160 ಎಂದಿತ್ತು. ಕೋಡೆಕ್ ಸಾಲು `vp09` ಎಂದು ಶುರುವಾಗಿ, ಆವರಣದಲ್ಲಿ 313 ಇತ್ತು. 313 ಎಂದರೆ ವಿಪಿ9, 2160. ಕೆಲವು ಕಂಪ್ಯೂಟರ್‌ಗಳಲ್ಲಿ ಇದೇ ಜಾಗದಲ್ಲಿ `av01` ಮತ್ತು 401 ಬರಬಹುದು. ಅದು ಎವಿ1, 2160.

ಒಂದೇ ವಿಡಿಯೊ, ಒಂದೇ ಮನೆ, ಒಂದೇ ನೆಟ್. ಒಂದು ಕಡೆ `avc1` ಮತ್ತು 1080. ಇನ್ನೊಂದು ಕಡೆ `vp09` ಮತ್ತು 2160. ಮುಕ್ಕಾಲು ಪಾಲು ಪತ್ತೆ ಇಲ್ಲಿಗೇ ಮುಗಿಯಿತು.

ಈ ಪೆಟ್ಟಿಗೆ ಓದುವಾಗ ಎರಡು ಕಡೆ ಎಡವುತ್ತಾರೆ. ಒಂದು, `Viewport` ಎಂಬ ಸಾಲು. ಹಲವು ಟಿವಿಗಳಲ್ಲಿ ಮೆನು, ಅಕ್ಷರ ಎಲ್ಲ 1080ರಲ್ಲೇ ಬಿಡಿಸಿ, ವಿಡಿಯೊವನ್ನು ಬೇರೆ ಪದರದಲ್ಲಿ 4ಕೆ ಆಗಿ ತೋರಿಸುತ್ತಾರೆ. ಹಾಗಾಗಿ ಆ ಸಾಲಿನಲ್ಲಿ 1920x1080 ಕಂಡರೆ ಗಾಬರಿ ಬೇಡ, `Current` ಸಾಲನ್ನೇ ನೋಡಿ. ಎರಡನೆಯದು ಇನ್ನೂ ಮುಖ್ಯ. ಪಟ್ಟಿ 1080ಕ್ಕೇ ಮುಗಿದಿದೆ, ಆದರೆ ಕೋಡೆಕ್ ಸಾಲಿನಲ್ಲಿ `vp9` ಅಥವಾ `vp09` ಇದೆ ಎಂದುಕೊಳ್ಳಿ. ಆಗ ವಿಪಿ9 ಡಿಕೋಡರ್ ಇಲ್ಲವೇ ಇಲ್ಲ ಎನ್ನಲು ಆಗುವುದಿಲ್ಲ, ಅದು ಕೆಲಸ ಮಾಡುತ್ತಲೇ ಇದೆ. ಒಂದೋ ಆ ಡಿಕೋಡರ್ 1080 ಗಾತ್ರದವರೆಗೆ ಮಾತ್ರ ಓದಬಲ್ಲದು, ಇಲ್ಲವೇ ಹೊರಗಿನ ಪೆಟ್ಟಿಗೆ ಎಚ್‌ಡಿಎಂಐ ಮೂಲಕ 1080 ಮಾತ್ರ ಹೊರಡಿಸುತ್ತಿದೆ. ಎರಡನೆಯದನ್ನು ಸರಿಪಡಿಸಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ನೆಟ್‌ಫ್ಲಿಕ್ಸ್‌ನಲ್ಲಿ ಪರೀಕ್ಷೆ ಬೇಕಾದರೆ `Test Patterns` ಎಂದು ಹುಡುಕಿ ಓಡಿಸಿ. ಬರುತ್ತಿರುವ ರೆಸಲ್ಯೂಷನ್ ಮತ್ತು ಬಿಟ್‌ರೇಟ್ ಪರದೆ ಮೇಲೇ ಬರೆದಿರುತ್ತದೆ. ಸ್ವಲ್ಪ ಹೊತ್ತು ಬಿಡಿ. ಶುರುವಿನಲ್ಲಿ ಕಡಿಮೆ ಇದ್ದು ಮೆಲ್ಲಗೆ ಏರುತ್ತದೆ.

ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಬರುವುದಿಲ್ಲವೇ?

ಎಲ್ಲರೂ ಕೇಳುವ ಪ್ರಶ್ನೆ ಇದು, ನ್ಯಾಯವಾದದ್ದೇ. ಕಂಪ್ಯೂಟರಿನಲ್ಲಿ ಡಿಕೋಡರ್ ಸರ್ಕ್ಯೂಟ್ ಇಲ್ಲದಿದ್ದರೂ ಸಾಫ್ಟ್‌ವೇರ್ ಹಾಕಿ ವಿಡಿಯೊ ಓಡಿಸುತ್ತೇವಲ್ಲ, ಟಿವಿಗೇನು ಕೇಡು?

ಸ್ವಲ್ಪ ಲೆಕ್ಕ ಹಾಕೋಣ. 3840ನ್ನು 2160ರಿಂದ ಗುಣಿಸಿದರೆ 82,94,400 ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್ ಇದ್ದರೆ ಸುಮಾರು 50 ಕೋಟಿ ಪಿಕ್ಸೆಲ್. 1 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಒಂದು ಸೆಕೆಂಡಿನಲ್ಲಿ ಸಿಗುವುದು 100 ಕೋಟಿ ಮಿಡಿತ. ಅಂದರೆ ಒಂದು ಪಿಕ್ಸೆಲ್‌ಗೆ ಎರಡೇ ಮಿಡಿತ. ಅಷ್ಟರಲ್ಲಿ ಹಿಂದಿನ ಫ್ರೇಮ್‌ನಿಂದ ಯಾವ ತುಂಡು ಎಲ್ಲಿಗೆ ಸರಿಯಿತು ಎಂದು ನೋಡಬೇಕು, ವ್ಯತ್ಯಾಸ ಸೇರಿಸಬೇಕು, ಅಂಚುಗಳನ್ನು ನಯ ಮಾಡಬೇಕು. ನಾಲ್ಕು ಕೋರ್ ಇದ್ದರೂ ಎಂಟು ಮಿಡಿತ. ಆಗುವ ಮಾತಲ್ಲ. 30 ಫ್ರೇಮ್ ವಿಡಿಯೊಗೆ ಅವಕಾಶ ಇದರ ಎರಡರಷ್ಟು, ಆದರೂ ಸಾಲದು. ಮೇಲಾಗಿ ಟಿವಿಯ ಪ್ರೊಸೆಸರ್ ಇರುವುದು ಮೆನು ತೋರಿಸುವುದಕ್ಕೆ, ರಿಮೋಟ್ ಮಾತು ಕೇಳುವುದಕ್ಕೆ. ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಹೋಲಿಸಿದರೆ ಅದು ತುಂಬಾ ಸಣ್ಣದು.

ಹಾಗಾಗಿ ಅಪ್‌ಡೇಟ್‌ನಿಂದ ಹೊಸ ಮೆನು ಬರಬಹುದು, ಹೊಸ ಆ್ಯಪ್ ಬರಬಹುದು, ಹೊಸ ಸರ್ಕ್ಯೂಟ್ ಬರುವುದಿಲ್ಲ. ಆ್ಯಪಲ್ ಪೆಟ್ಟಿಗೆಗೆ 2020ರಲ್ಲಿ ಅಪ್‌ಡೇಟ್‌ನಿಂದಲೇ ವಿಪಿ9 ಬಂತಲ್ಲ ಎಂದರೆ, ಅದರ ಪ್ರೊಸೆಸರ್ ಒಂದು ಟ್ಯಾಬ್ಲೆಟ್‌ನಿಂದ ಬಂದದ್ದು, ಅದಕ್ಕೆ ಆ ತಾಕತ್ತಿತ್ತು.

ಇನ್ನೂ ಖಚಿತ ಬೇಕೆಂದರೆ

ಆಂಡ್ರಾಯ್ಡ್ ಟಿವಿ ಆಗಿದ್ದರೆ ನೇರವಾಗಿ ಕೇಳಿಬಿಡಬಹುದು. ಡೆವಲಪರ್ ಆಯ್ಕೆಗಳಲ್ಲಿ ಡಿಬಗ್ಗಿಂಗ್ ಆನ್ ಮಾಡಿ, ಕಂಪ್ಯೂಟರಿನಿಂದ ಎಡಿಬಿ ಎಂಬ ಸಾಫ್ಟ್‌ವೇರ್ ಮೂಲಕ ಟಿವಿಗೆ ಸಂಪರ್ಕಿಸಿ, ಹೀಗೆ ಹೊಡೆಯಿರಿ:

```
adb shell "grep -E 'on2.vp9|video/hevc|video/av01' /vendor/etc/media_codecs*.xml"
```

ಹಳೆ ಆವೃತ್ತಿಗಳಲ್ಲಿ `/vendor/etc` ಬದಲು `/system/etc` ಎಂದು ಹಾಕಬೇಕಾಗುತ್ತದೆ. ಬಂದ ಸಾಲುಗಳಲ್ಲಿ `video/x-vnd.on2.vp9` ಇದೆ ಎಂದ ಮಾತ್ರಕ್ಕೆ ಖುಷಿಪಡಬೇಡಿ, ಅದೇ ಸಾಲಿನಲ್ಲಿರುವ ಡಿಕೋಡರ್ ಹೆಸರು ನೋಡಿ. `OMX.google` ಅಥವಾ `c2.android` ಎಂದು ಶುರುವಾದರೆ ಅದು ಸಾಫ್ಟ್‌ವೇರ್ ಡಿಕೋಡರ್, ಮೇಲೆ ಲೆಕ್ಕ ಹಾಕಿದ ಬಡಪಾಯಿ ಪ್ರೊಸೆಸರ್ ಮೇಲೆ ಓಡುವಂಥದ್ದು. ಚಿಪ್ ತಯಾರಕರ ಹೆಸರಿದ್ದರೆ, ಉದಾಹರಣೆಗೆ `OMX.MTK` ಎಂದು ಶುರುವಾದರೆ, ಅದು ಸರ್ಕ್ಯೂಟ್.

ಚಿಕ್ಕಪ್ಪನದು ಆಂಡ್ರಾಯ್ಡ್ ಅಲ್ಲ. ಅದಕ್ಕೆ ಪೆನ್‌ಡ್ರೈವ್ ದಾರಿ ಹಿಡಿದೆ. ಲ್ಯಾಪ್‌ಟಾಪ್‌ನಲ್ಲಿ `ffmpeg` ಎಂಬ ವಿಡಿಯೊ ಸಾಫ್ಟ್‌ವೇರ್ ಬಳಸಿ ಹತ್ತು ಸೆಕೆಂಡಿನ ಎರಡು 4ಕೆ ತುಣುಕು ಮಾಡಿಕೊಂಡೆ. ಚಿತ್ರ ಒಂದೇ, ಹಿಂಡಿದ ಪದ್ಧತಿ ಮಾತ್ರ ಬೇರೆ:

```
ffmpeg -f lavfi -i testsrc2=size=3840x2160:rate=30 -t 10 -pix_fmt yuv420p -c:v libx265 hevc.mkv
ffmpeg -f lavfi -i testsrc2=size=3840x2160:rate=30 -t 10 -pix_fmt yuv420p -c:v libvpx-vp9 -b:v 15M vp9.mkv
```

ಎರಡನೆಯದು ಮುಗಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಕಾಫಿ ಕುಡಿದು ಬನ್ನಿ. ಟಿವಿಯಲ್ಲಿ `hevc.mkv` ಸರಾಗವಾಗಿ ಓಡಿತು. `vp9.mkv` ಒತ್ತಿದರೆ ಈ ಫೈಲ್ ಓದಲು ಆಗುವುದಿಲ್ಲ ಎಂಬ ಸಂದೇಶ. ಅನುಮಾನ ಉಳಿಯಬಾರದೆಂದು `size=1280x720` ಹಾಕಿ ಚಿಕ್ಕ ವಿಪಿ9 ತುಣುಕನ್ನೂ ಮಾಡಿ ನೋಡಿದೆ. ಅದೂ ಓಡಲಿಲ್ಲ. ಚಿಕ್ಕದು ಓಡಿ ದೊಡ್ಡದು ಓಡದಿದ್ದರೆ, ಡಿಕೋಡರ್ ಇದೆ, ಗಾತ್ರದ ಮಿತಿ ಇದೆ ಎಂದಾಗುತ್ತಿತ್ತು. ಇಲ್ಲಿ ಯಾವ ಗಾತ್ರಕ್ಕೂ ಇಲ್ಲ.

ಈ ಪರೀಕ್ಷೆಯನ್ನು ಒಂಟಿಯಾಗಿ ನಂಬಬೇಡಿ, ಆಯ್ತಾ? ಟಿವಿಯ ಪೆನ್‌ಡ್ರೈವ್ ಪ್ಲೇಯರ್ ಬೇರೆ, ಯೂಟ್ಯೂಬ್ ಆ್ಯಪ್ ಬೇರೆ. ಡಿಕೋಡರ್ ಇದ್ದರೂ `.webm` ಎಂಬ ಫೈಲ್ ಹೆಸರು ಕಂಡೊಡನೆ ಮುಖ ತಿರುಗಿಸುವ ಪ್ಲೇಯರ್‌ಗಳಿವೆ. ಅದಕ್ಕೇ ನಾನು `.mkv` ಮಾಡಿದ್ದು. ಪೆನ್‌ಡ್ರೈವ್ ಫಲಿತಾಂಶ ಮತ್ತು ಆ್ಯಪ್‌ನ ಕೋಡೆಕ್ ಸಾಲು ಎರಡೂ ಒಂದೇ ಕಥೆ ಹೇಳಿದರೆ ಮಾತ್ರ ತೀರ್ಮಾನಕ್ಕೆ ಬನ್ನಿ.

ಇದರಂತೆಯೇ ಕಾಣುವ ಬೇರೆ ದೋಷಗಳು

ದುಡ್ಡು ಕೊಟ್ಟು ನೋಡುವ ಆ್ಯಪ್‌ಗಳಲ್ಲಿ 4ಕೆ ಬರದಿದ್ದರೆ ಡಿಕೋಡರನ್ನು ಬೈಯುವ ಮೊದಲು ಪ್ಲಾನ್ ನೋಡಿ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಇರುವುದು ಪ್ರೀಮಿಯಂ ಪ್ಲಾನ್‌ನಲ್ಲಿ ಮಾತ್ರ. ಇದು ತಾಂತ್ರಿಕ ವಿಷಯವೇ ಅಲ್ಲ, ಆದರೂ ಅರ್ಧ ದೂರುಗಳು ಇಲ್ಲೇ ಮುಗಿಯುತ್ತವೆ ಅನ್ನಿಸುತ್ತದೆ. ಇನ್ನೊಂದು, ಕಳ್ಳಪ್ರತಿ ತಡೆಯುವ ಬೀಗ. ಅಗ್ಗದ, ಪ್ರಮಾಣೀಕರಣ ಇಲ್ಲದ ಪೆಟ್ಟಿಗೆಗಳಲ್ಲಿ ಡಿಕೋಡರ್ ಎಲ್ಲ ಇರುತ್ತದೆ, ಬೀಗದ ಮೇಲ್ಮಟ್ಟದ ಅನುಮತಿ ಇರುವುದಿಲ್ಲ. ಆಗ ಯೂಟ್ಯೂಬ್ 4ಕೆ ಬರುತ್ತದೆ, ದುಡ್ಡಿನ ಆ್ಯಪ್ ಮಸುಕಾಗಿ ಬರುತ್ತದೆ. ಚಿಕ್ಕಪ್ಪನ ಕಥೆಗೆ ತದ್ವಿರುದ್ಧ. ಯಾವ ಆ್ಯಪ್ ಕೈಕೊಡುತ್ತಿದೆ ಎಂಬುದೇ ಇಲ್ಲಿ ದಾರಿ ತೋರಿಸುತ್ತದೆ.

4ಕೆ ಅಲ್ಲದ, ಇನ್ನೂ ಹಳೆಯ 1080 ಟಿವಿಗಳಲ್ಲಿ ಬೇರೆಯದೇ ಒಂದು ಸೂರು ಕಾಣುತ್ತದೆ. ಸಾಮಾನ್ಯ ವಿಡಿಯೊ 1080ರಲ್ಲಿ ಬರುತ್ತದೆ, ಸೆಕೆಂಡಿಗೆ 60 ಫ್ರೇಮ್ ಇರುವ ಆಟದ ಅಥವಾ ಗೇಮಿಂಗ್ ವಿಡಿಯೊಗಳಲ್ಲಿ ಮಾತ್ರ ತೊಂದರೆ. ಇಲ್ಲಿ ಕೋಡೆಕ್ ಹಳೆಯದೇ, ಎಚ್.264. ಸೋಲುವುದು ವೇಗದಲ್ಲಿ. ಎಚ್.264 ಡಿಕೋಡರ್‌ಗಳಿಗೆ ಲೆವೆಲ್ ಎಂಬ ದರ್ಜೆ ಇದೆ. ಚಿತ್ರವನ್ನು 16 ಗುಣಿಸು 16 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸಿದರೆ 1080 ಫ್ರೇಮ್ ಒಂದರಲ್ಲಿ 8,160 ಚೌಕ. 30 ಫ್ರೇಮ್‌ಗೆ ಸೆಕೆಂಡಿಗೆ 2,44,800. ಲೆವೆಲ್ 4.0 ಮತ್ತು 4.1ರ ಮಿತಿ 2,45,760. ಕೂದಲೆಳೆಯಲ್ಲಿ ಪಾಸು! 60 ಫ್ರೇಮ್ ಆದರೆ 4,89,600 ಬೇಕು, ಅದಕ್ಕೆ ಲೆವೆಲ್ 4.2 ಇರಬೇಕು. ಕೋಡೆಕ್ ಸಾಲಿನ ಕೊನೆಯ ಎರಡು ಅಕ್ಷರ ಇದನ್ನೇ ಹೇಳುತ್ತವೆ. `avc1.640028` ಎಂಬುದರ `28` ಹೆಕ್ಸಾಡೆಸಿಮಲ್‌ನಲ್ಲಿದೆ, ನಮ್ಮ ಎಣಿಕೆಯಲ್ಲಿ 40, ಅಂದರೆ ಲೆವೆಲ್ 4.0. `avc1.64002a` ಎಂದಿದ್ದರೆ 42, ಅಂದರೆ 4.2. ಒಂದು 30 ಫ್ರೇಮ್ ವಿಡಿಯೊ, ಒಂದು 60 ಫ್ರೇಮ್ ವಿಡಿಯೊ ಪಕ್ಕಪಕ್ಕ ಓಡಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ.

ಎಚ್‌ಡಿಆರ್ ಬಗ್ಗೆ ಒಂದೇ ಮಾತು. ಯೂಟ್ಯೂಬ್‌ನ ಎಚ್‌ಡಿಆರ್ ವಿಪಿ9 ಪ್ರತಿಗಳು 10 ಬಿಟ್‌ನವು. 8 ಬಿಟ್ ಮಾತ್ರ ಓದುವ ವಿಪಿ9 ಡಿಕೋಡರ್ ಇರುವ ಟಿವಿಯಲ್ಲಿ 4ಕೆ ಬರುತ್ತದೆ, ಎಚ್‌ಡಿಆರ್ ಗುರುತು ಬರುವುದಿಲ್ಲ. ಅದು ದೋಷವಲ್ಲ, ಆ ಟಿವಿಯ ಮಿತಿ.

ಪರಿಹಾರ, ಮತ್ತು ಅಲ್ಲೂ ಒಂದು ಕೊಕ್ಕೆ

ಟಿವಿಯೊಳಗೆ ಡಿಕೋಡರ್ ಹಾಕಲು ಆಗುವುದಿಲ್ಲ. ಹೊರಗೆ ಹಾಕಬಹುದು. ಎಚ್‌ಡಿಎಂಐಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ ಅಥವಾ ಪೆಟ್ಟಿಗೆ ವಿಡಿಯೊವನ್ನು ತಾನೇ ಬಿಡಿಸಿ, ಬಿಡಿಸಿದ ಚಿತ್ರವನ್ನು ಟಿವಿಗೆ ಕೊಡುತ್ತದೆ. ಟಿವಿಗೆ ಯಾವ ಕೋಡೆಕ್ ಬರುತ್ತದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ 4ಕೆ ಎಂದು ಬರೆದಿದೆಯಾ ಎಂದಷ್ಟೇ ನೋಡದೆ ಕೋಡೆಕ್ ಪಟ್ಟಿ ನೋಡಿ. ವಿಪಿ9 ಕಡ್ಡಾಯ, ಎವಿ1 ಇದ್ದರೆ ಇನ್ನೂ ಬಾಳಿಕೆ. ಬೆಲೆ ಜಾಸ್ತಿ ಇದ್ದರೆ ಕೋಡೆಕ್ ಹೊಸದು ಎಂದೂ ಅಂದುಕೊಳ್ಳಬೇಡಿ. ಗೂಗಲ್ ಟಿವಿ ಇರುವ ಕ್ರೋಮ್‌ಕಾಸ್ಟ್‌ಗಳನ್ನೇ ನೋಡಿ. 2020ರ 4ಕೆ ಮಾದರಿಯಲ್ಲಿ ಎವಿ1 ಇಲ್ಲ, 2022ರಲ್ಲಿ ಬಂದ ಅಗ್ಗದ 1080 ಮಾದರಿಯಲ್ಲಿ ಇದೆ.

ನಿಮ್ಮ ಟಿವಿಯ ಪರದೆಯೇ 1080 ಆಗಿದ್ದರೆ ವಿಪಿ9 ಇಲ್ಲವೆಂದು ಸ್ಟಿಕ್ ಕೊಳ್ಳಬೇಕಿಲ್ಲ. ಎಚ್.264ನಲ್ಲೇ 1080 ಪೂರ್ತಿ ಬರುತ್ತದೆ. ಡೇಟಾ ಸ್ವಲ್ಪ ಜಾಸ್ತಿ ಖರ್ಚಾಗಬಹುದು, ಅಷ್ಟೇ.

ಚಿಕ್ಕಪ್ಪ ಸ್ಟಿಕ್ ತಂದರು. ಕೈಗೆಟುಕಿದ ಮೊದಲ ಪೋರ್ಟ್‌ಗೆ ಚುಚ್ಚಿದರು. ಯೂಟ್ಯೂಬ್ ಪಟ್ಟಿಯಲ್ಲಿ 2160 ಬಂತು, ಕೋಡೆಕ್ ಸಾಲಿನಲ್ಲಿ `vp09` ಬಂತು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಆದರೆ ಕ್ರಿಕೆಟ್ ತುಣುಕು ಹಾಕಿದರೆ ಚೆಂಡು ಕುಂಟುತ್ತಾ ಹೋಗುತ್ತಿತ್ತು. ಸಾಲದ್ದಕ್ಕೆ, ಮೊದಲು ಟಿವಿಯೊಳಗಿನ ಆ್ಯಪ್‌ನಲ್ಲಿ 4ಕೆ ಬರುತ್ತಿದ್ದ ಚಂದಾ ಸೇವೆ ಈಗ ಸ್ಟಿಕ್‌ನಲ್ಲಿ 1080ಕ್ಕೆ ಇಳಿದಿತ್ತು.

ಎರಡಕ್ಕೂ ಕಾರಣ ಆ ಪೋರ್ಟ್. ಆ ಕಾಲದ 4ಕೆ ಟಿವಿಗಳಲ್ಲಿ ಎಲ್ಲ ಎಚ್‌ಡಿಎಂಐ ಪೋರ್ಟ್‌ಗಳೂ ಒಂದೇ ತರಹ ಇರುತ್ತಿರಲಿಲ್ಲ. ಎಚ್‌ಡಿಎಂಐ 1.4 ಪೋರ್ಟ್ 4ಕೆಯನ್ನು ಸೆಕೆಂಡಿಗೆ 30 ಫ್ರೇಮ್‌ವರೆಗೆ ಮಾತ್ರ ಒಯ್ಯುತ್ತದೆ. 60 ಬೇಕಾದರೆ 2.0 ಇರಬೇಕು. ಅದೂ ಅಲ್ಲದೆ ದುಡ್ಡಿನ ಆ್ಯಪ್‌ಗಳು 4ಕೆ ಕೊಡಬೇಕಾದರೆ ಆ ಪೋರ್ಟ್‌ನಲ್ಲಿ ಎಚ್‌ಡಿಸಿಪಿ 2.2 ಎಂಬ ಬೀಗದ ಒಪ್ಪಂದ ಆಗಬೇಕು. ಟಿವಿಯ ಹಿಂದೆ ಟಾರ್ಚ್ ಹಾಕಿ ನೋಡಿದೆ. ನಾಲ್ಕು ಪೋರ್ಟ್‌ಗಳಲ್ಲಿ ಮೂರನೆಯದರ ಪಕ್ಕ ಮಾತ್ರ `HDCP 2.2` ಎಂದು ಚಿಕ್ಕದಾಗಿ ಅಚ್ಚಾಗಿತ್ತು. ಅಲ್ಲಿಗೆ ಬದಲಿಸಿ, ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 2160, 60 ಹರ್ಟ್ಸ್ ಆರಿಸಿದೆ. ಚೆಂಡು ನೆಟ್ಟಗೆ ಓಡಿತು, ಚಂದಾ ಸೇವೆಯೂ 4ಕೆಗೆ ಮರಳಿತು. ಕೆಲವು ಟಿವಿಗಳಲ್ಲಿ ಇಷ್ಟೂ ಸಾಲದು. ಆ ಪೋರ್ಟ್‌ಗೆ ಪೂರ್ತಿ ವೇಗ ಬಿಡುವ ಆಯ್ಕೆಯೊಂದು ಟಿವಿಯ ಇನ್‌ಪುಟ್ ಸೆಟ್ಟಿಂಗ್‌ನಲ್ಲಿ ಆಫ್ ಆಗಿ ಕೂತಿರುತ್ತದೆ, ಅದನ್ನು ಆನ್ ಮಾಡಬೇಕು.

ಮೂರು ವಾರ ಬಿಟ್ಟು ಮತ್ತೆ ಫೋನ್. "ಮತ್ತೆ 1080 ಆಗೋಯ್ತು ಕಣಪ್ಪಾ." ಹೋಗಿ ನೋಡಿದರೆ ಕೋಡೆಕ್ ಸಾಲಿನಲ್ಲಿ ಹಳೆಯ `avc1`, 137. ಸ್ಟಿಕ್ ಚೆನ್ನಾಗಿಯೇ ಇತ್ತು. ಚಿಕ್ಕಪ್ಪ ಅಭ್ಯಾಸಬಲದಿಂದ ಟಿವಿಯ ಹಳೆ ರಿಮೋಟ್ ಹಿಡಿದು ಟಿವಿಯೊಳಗಿನ ಯೂಟ್ಯೂಬನ್ನೇ ತೆರೆಯುತ್ತಿದ್ದರು. ಟಿವಿಯ ಹೋಮ್ ಪರದೆಯಿಂದ ಆ ಗುರುತನ್ನು ತೆಗೆದುಹಾಕಿ ಬಂದೆ.